ಕೊಟ್ನೆಕಲ್ಲಿನ ಹೊಲದಲ್ಲಿ ನನ್ನ ಅರ್ಧ

ಹಿರೇಕೊಟ್ನೆಕಲ್ಲಿನ ನಮ್ಮ ಗದ್ದೆಗೆ ನಾಟಿಯ ದಿನ ಅವ್ವ ಹಾಡು ಹೇಳುತ್ತ ಎಲ್ಲರಿಗಿಂತ ಮುಂದೆ ಇಳಿಯುತ್ತಿದ್ದಳು. ಅಣ್ಣನೂ ನಾನೂ ಬದುವಿನ ಮೇಲೆ ಕೂತು ಒಂದೇ ಬುತ್ತಿಯ ರೊಟ್ಟಿ, ಪುಂಡಿಪಲ್ಲೆ ತಿನ್ನುತ್ತಿದ್ದೆವು. ಅದು ಮುತ್ತಜ್ಜನಿಂದ ಬಂದ ಹೊಲ. ಮದುವೆಯಾಗಿ ರಾಯಚೂರಿಗೆ ಬಂದ ಮೇಲೂ ಕನಸಿನಲ್ಲಿ ನಾನು ಅಲ್ಲೇ ಇರುತ್ತಿದ್ದೆ.

ಅಪ್ಪ, ಅವ್ವ ಇಬ್ಬರೂ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಹೋದ ವರ್ಷ ಅಣ್ಣ ಹೊಲ ಮಾರಲು ಹೊರಟಾಗ, ತಂಗಿಯ ಸಹಿಯಿಲ್ಲದೆ ಕೊಳ್ಳುವುದಿಲ್ಲ ಎಂದರು ರೈಸ್ ಮಿಲ್ಲಿನ ಸಾಹುಕಾರರು. ಹಕ್ಕುಬಿಡುಗಡೆ ಪತ್ರ ಬರೆಸಲು ಅಣ್ಣ ನನ್ನನ್ನು ಮಾನ್ವಿಯ ವಕೀಲರ ಬಳಿ ಕರೆದೊಯ್ದ.

"ಹೆಣ್ಮಕ್ಕಳಿಗೆ ಪಾಲು ಕೊಡೋ ಕಾನೂನು ಬರೋ ಮೊದಲೇ ಅಪ್ಪ ತೀರಿಕೊಂಡಾನ್ರಿ. ಪಹಣಿನೂ ನನ್ನ ಹೆಸರಿಗೇ ಅದ," ಎಂದ ಅಣ್ಣ.

ವಕೀಲರು ನನ್ನತ್ತ ತಿರುಗಿದರು. "ಅಪ್ಪ ಆಗ ಬದುಕಿರಬೇಕಂತೇನಿಲ್ರೀ ಯವ್ವಾ. ಪಿತ್ರಾರ್ಜಿತ ಹೊಲದಾಗ ಮಗನಷ್ಟೇ ಹಕ್ಕು ಮಗಳಿಗೂ ಹುಟ್ಟಿನಿಂದನೇ ಬರ್ತದ. ಮದುವಿಯಾದ್ರೂ ಹೋಗಂಗಿಲ್ಲ. ನಿಮ್ಮನ್ಯಾಗ ಇನ್ನೂ ಪಾಲಾಗಿಲ್ಲ, ಅದಕ್ಕ ನಿಮಗ ಅರ್ಧ, ಅಣ್ಣಗ ಅರ್ಧ. ಬಿಟ್ಟುಕೊಡೋದು ನಿಮ್ಮ ಮನಸ್ಸು."

"ಅಣ್ಣಾ, ಬೇಕಾದ್ರ ನಿನ್ನ ಪಾಲು ಮಾರು. ನನಗ ನನ್ನ ಹೊಲ ಬೇಕು," ಎಂದೆ.

ಸುಗ್ಗಿ ಮುಗಿಯುವವರೆಗೂ ಅಣ್ಣ ಮಾತು ಬಿಟ್ಟ. ಆಮೇಲೆ ತಾನೇ ಫೋನ್ ಮಾಡಿ ವಿಭಾಗ ಪತ್ರ ಮಾಡಿಸೋಣ ಬಾ ಎಂದ. ಕಾಲುವೆ ಕಡೆಯ ಅರ್ಧ ನನಗೆ ಬಂತು. ನೋಂದಣಿ ಕಚೇರಿಯಿಂದ ಹೊರಬಂದು ಚಹಾ ಕುಡಿಯುವಾಗ ಅಣ್ಣ ತಲೆ ತಗ್ಗಿಸಿಯೇ ಕೇಳಿದ:

"ನನ್ನ ಪಾಲು ಮಾರಂಗಿಲ್ಲ ಬಿಡು. ನಿಂದೂ ನಾನೇ ಸಾಗುವಳಿ ಮಾಡ್ಲೇನು?"

"ಮಾಡಣ್ಣಾ. ಸುಗ್ಗ್ಯಾಗ ರಾಶಿ ಮಾಡಾಕ ನಾನೂ ಬರ್ತೀನಿ," ಎಂದೆ.