ವಗೈರೆಯೊಳಗೆ ಹೋದ ಕೆಲಸ

ವಿಠ್ಠಲವಾಡಿಯ ಹೆಂಗಸೊಬ್ಬಳು ಕೆಲಸ ಕಳೆದುಕೊಂಡಳು. ಆ ಕೆಲಸವನ್ನು ಕಾಗದದ ಮೇಲೆ ಇಲ್ಲವಾಗಿಸಿದವರಲ್ಲಿ ಯಾರ ಸಂಬಳಕ್ಕೂ ಏನೂ ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಾಲೇಜಿನಲ್ಲಿ ಈ ವಿಷಯ ಎತ್ತಿದಾಗಲೆಲ್ಲ ಮಾತು ಪೋರ್ಟಲ್, ನಿಯಮ, ಮೇಲಿನವರು ಎಂದು ಸುತ್ತಾಡಿ, ಅವಳ ಬಳಿಗೆ ಮಾತ್ರ ಬರುವುದೇ ಇಲ್ಲ.

ನಾನು ನೆರೂಳಿನ ಒಂದು ಕಾಲೇಜಿನಲ್ಲಿ ಸಮಾಜಕಾರ್ಯ ಕಲಿಸುತ್ತೇನೆ. ಡೊಂಬಿವಲಿಯಲ್ಲಿ ಬೆಳೆದವಳು, ಮನೆಯಲ್ಲಿ ತುಳು, ಕಟ್ಟಡದ ಮೆಟ್ಟಿಲ ಮೇಲೆ ಮರಾಠಿ, ಶಾಲೆಯಲ್ಲಿ ಕನ್ನಡ. ಆ ಕನ್ನಡ ಶಾಲೆಯ ಮೇಷ್ಟ್ರುಗಳು ತಪ್ಪು ಕಂಡರೆ ಅದರ ಹೆಸರು ಹಿಡಿದು ಹೇಳಬೇಕೆಂದು ಕಲಿಸಿದರು. ಆ ಪಾಠದಿಂದ ನನಗೆ ಬಡ್ತಿ ಸಿಕ್ಕಿಲ್ಲ.

ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಗುಜರಿ ಬೇರ್ಪಡಿಸುವ, ತಗಡು ಹೊರುವ ಹೆಂಗಸರಿದ್ದಾರೆ. ಹಲವರು ವಿಜಯಪುರ, ಕಲಬುರಗಿ ಕಡೆಯಿಂದ ಬಂದವರು. ಮೈಗೆ ಗಾಯವಾದಾಗ ಅವರು ಎಲ್ಲಿಗೆ ಹೋಗುತ್ತಾರೆ, ಯಾರು ಅವರಿಗೆ ಔಷಧ ಕೊಡುತ್ತಾರೆ, ಎಷ್ಟು ದಿನ ಕೂಲಿ ತಪ್ಪುತ್ತದೆ ಎಂಬುದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಒಂದು ಸಂಶೋಧನಾ ಯೋಜನೆಗೆ ಅನುದಾನ ಕೋರಿ ಅರ್ಜಿ ಬರೆಯಲು ಕೂತೆ.

ಬರೆಯುವ ಮೊದಲು ನನ್ನ ಇಬ್ಬರು ವಿದ್ಯಾರ್ಥಿನಿಯರನ್ನು ಪರೀಕ್ಷಾರ್ಥವಾಗಿ ಕಳುಹಿಸಿದ್ದೆ. ಇಲ್ಲೇ ಹುಟ್ಟಿದ ಹುಡುಗಿಯರು. ಕನ್ನಡ ಅರ್ಥವಾಗುತ್ತದೆ, ಉತ್ತರ ಹಿಂದಿಯಲ್ಲಿ. "ಕಭೀ ಚೋಟ್ ಲಗೀ?", ಎಂದಾದರೂ ಗಾಯವಾಗಿದೆಯೇ, ಎಂದು ಕೇಳಿದರು. ಇಲ್ಲ ಎಂದರು ಹೆಂಗಸರು. ಎಲ್ಲರದೂ ಅದೇ ಉತ್ತರ. ವಿದ್ಯಾರ್ಥಿನಿಯರು ಖುಷಿಯಿಂದ ಹಿಂತಿರುಗಿದರು.

ಮುಂದಿನ ವಾರ ವಿಠ್ಠಲವಾಡಿಯ ಆ ಹೆಂಗಸನ್ನು ಕರೆದುಕೊಂಡು ಹೋದೆ. ವಿಜಯಪುರದವಳು, ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿ ಮದುವೆಯಾಗಿ ಇಲ್ಲಿಗೆ ಬಂದವಳು; ಒಂದು ಮಸಾಲೆ ಕಾರ್ಖಾನೆಯಲ್ಲಿ ಪ್ಯಾಕಿಂಗ್ ಮಾಡುತ್ತಿದ್ದಳು. ಗುಜರಿ ರಾಶಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಒಬ್ಬಾಕೆಯನ್ನು ಮಾತಾಡಿಸಿದಳು.

"ಅವ್ವಾರ, ಪತ್ರಾ ಕೊಯ್ಯೂದಿಲ್ಲೇನ ನಿಮಗ?"

ಆಕೆ ನಕ್ಕುಬಿಟ್ಟಳು. "ಅಯ್ಯ, ಅದೇನ್ ಕೇಳ್ತಿ? ದಿನಾ ಕೊಯ್ತೈತಿ. ಅದು ಗಾಯೇನು? ಅದು ಕೆಲಸ." ಎಂದು ಎರಡೂ ಅಂಗೈ ತೆರೆದು ತೋರಿಸಿದಳು. ಆ ದಿನ ಇನ್ನೂ ಕೆಲವರನ್ನು ಅವಳು ಹೀಗೇ ಮಾತಾಡಿಸಿದಳು.

ಹಿಂದಿಯ 'ಚೋಟ್' ಎಂದರೆ ಅವರಿಗೆ ಆಸ್ಪತ್ರೆಗೆ ಹೊತ್ತುಕೊಂಡು ಹೋಗಬೇಕಾದ ಏಟು. ಪತ್ರಾ, ಅಂದರೆ ತಗಡಿನ ಅಂಚು, ಕೊಯ್ದದ್ದು ಆ ಪದದೊಳಗೆ ಬರುವುದೇ ಇಲ್ಲ. ಹಾಗಾಗಿ ಅವರದೇ ಕನ್ನಡದಲ್ಲಿ ಕೇಳುವವರಿಲ್ಲದೆ ಈ ಸಂಶೋಧನೆಯೇ ಇಲ್ಲ. ನಾನು ಅವಳನ್ನು ಕೇಳಿದೆ, ಯೋಜನೆ ಮಂಜೂರಾದರೆ ಬರುತ್ತೀಯಾ ಎಂದು. "ಕಾಗದ ಕೊಡ್ತೀರೇನ್ರಿ ಅಕ್ಕಾರ? ಕಾಗದ ಇದ್ರ ಮಸಾಲಿ ಬಿಟ್ಟ ಬರ್ತೀನಿ. ಒಮ್ಮೆನೂ ನನ್ನ ಡಿಗ್ರಿ ಹೊರಗ ತಗದಿಲ್ಲ ನೋಡ್ರಿ ಇಲ್ಲಿಗೆ ಬಂದಾಗಿಂದ." ನೇಮಕಪತ್ರ ಕೊಡುತ್ತೇವೆ ಎಂದೆ. ಕೊಡಬೇಕಾದದ್ದು ನ್ಯಾಯವೂ ಆಗಿತ್ತು.

ಅನುದಾನದ ಅರ್ಜಿಯಲ್ಲಿ ಬಜೆಟ್ ಸಮರ್ಥನೆ ಎಂಬ ಒಂದು ಭಾಗವಿರುತ್ತದೆ. ಕೋಷ್ಟಕದಲ್ಲಿ ಮೊತ್ತಗಳಿರುತ್ತವೆ, ಸಮರ್ಥನೆಯಲ್ಲಿ ಪ್ರತಿಯೊಂದು ಸಾಲಿಗೂ ಇದು ಏನು, ಎಷ್ಟು, ಯಾವ ದರದಲ್ಲಿ, ಯೋಜನೆಯ ಯಾವ ಚಟುವಟಿಕೆಗೆ, ಇದಿಲ್ಲದಿದ್ದರೆ ಏನು ನಿಲ್ಲುತ್ತದೆ ಎಂದು ಬರೆಯಬೇಕು. ಅದನ್ನು ಓದಿದ ಅಪರಿಚಿತನೊಬ್ಬ ಯೋಜನೆ ನಡೆಯುವುದನ್ನು ಕಣ್ಣಾರೆ ಕಾಣುವಂತಿರಬೇಕು. ನಾನು ಮೊದಲು ಚಟುವಟಿಕೆಗಳಿಗೆ ಸಂಖ್ಯೆ ಕೊಟ್ಟೆ. ಒಂದು, ಮಾರುಕಟ್ಟೆಯಲ್ಲಿ ಪರಿಚಯ ಮತ್ತು ಒಪ್ಪಿಗೆ ಪಡೆಯುವುದು. ಎರಡು, ಸಂದರ್ಶನ. ಮೂರು, ಧ್ವನಿಮುದ್ರಣವನ್ನು ಬರಹಕ್ಕಿಳಿಸಿ ಅನುವಾದಿಸುವುದು. ನಾಲ್ಕು, ತಿಳಿದದ್ದನ್ನು ಅದೇ ಹೆಂಗಸರ ಮುಂದೆ ಇಟ್ಟು ಮಾತಾಡುವುದು.

ಆಮೇಲೆ ಸಾಲುಗಳು. ಕ್ಷೇತ್ರ ಸಂದರ್ಶಕಿಯ ವೇತನ 'ಸಿಬ್ಬಂದಿ' ಶೀರ್ಷಿಕೆಯಡಿ: ಚಟುವಟಿಕೆ ಎರಡಕ್ಕೆ ಸಂದರ್ಶನದ ದಿನಗಳು, ಚಟುವಟಿಕೆ ಮೂರಕ್ಕೆ ಬರಹದ ದಿನಗಳು, ದಿನಗಳನ್ನು ದಿನದ ದರದಿಂದ ಗುಣಿಸಿದ ಮೊತ್ತ. ಒಂದು ಗಂಟೆಯ ಮಾತು ಬರೆದಿಳಿಸಲು ಹಲವು ಗಂಟೆ ಬೇಕೆಂಬ ವಿವರ. ಅವಳ ಪ್ರಯಾಣ ಪ್ರತ್ಯೇಕ ಸಾಲು: ಅವಳ ಮನೆಯ ಹತ್ತಿರ ಸಿಗುವ ಕಲ್ಯಾಣ–ಪನವೇಲ್ ಬಸ್ಸು ಕಳಂಬೋಲಿಯ ಮೇಲೆ ಹೋಗುತ್ತದೆ, ಸಂದರ್ಶನದ ದಿನಗಳಿಗೆ ಮಾತ್ರ. ಬರಹ ಮನೆಯಲ್ಲಿ ನಡೆಯುವುದರಿಂದ ಆ ದಿನಗಳಿಗೆ ಪ್ರಯಾಣಭತ್ಯೆ ಕೇಳಲಿಲ್ಲ. ಧ್ವನಿಮುದ್ರಕ ಒಂದು, ಚಟುವಟಿಕೆ ಎರಡಕ್ಕೆ. ಕಂಟಿಂಜೆನ್ಸಿ, ಅಂದರೆ ಮುಂಗಾಣಲಾಗದ ಸಣ್ಣ ಖರ್ಚು, ತೀರ ಕಡಿಮೆ. ಸಂಸ್ಥೆಯ ಓವರ್‌ಹೆಡ್ ಎಂಬ ಕಚೇರಿ ಖರ್ಚಿನ ಪಾಲನ್ನು ಮಾತ್ರ ಯಾವ ಚಟುವಟಿಕೆಗೂ ಕಟ್ಟಬೇಕಾಗಿಲ್ಲ. ಅದು ನೆರವು ಕೊಡುವವರ ನಿಯಮದ ಪ್ರಕಾರ ಕಾಲೇಜಿಗೆ ಹೋಗುತ್ತದೆ. ಅದನ್ನೂ ಹಾಗೆಂದೇ ಬರೆದೆ.

ಪೋರ್ಟಲ್‌ನಲ್ಲಿ ಕೊನೆಯ ಸಲ್ಲಿಕೆ ಕಾಲೇಜಿನ ಲಾಗಿನ್‌ನಿಂದಲೇ ಆಗಬೇಕು. ಅದರ ಕೀಲಿ ನಮ್ಮ ಕಚೇರಿ ಅಧೀಕ್ಷಕರ ಬಳಿ. ಕಾರ್ಕಳ ಕಡೆಯವರು, ಮೂವತ್ತು ಮಂದಿಗೆ ಬೇಕಾದಷ್ಟು ನಗು ಒಬ್ಬರೇ ನಗುವವರು. ಕಡತ ಒಪ್ಪಿಸಿದೆ. ಸಲ್ಲಿಕೆಯ ನಂತರ ಬಂದ ಪ್ರತಿಯಲ್ಲಿ ಸಂದರ್ಶಕಿ ಇರಲಿಲ್ಲ.

ಸಿಬ್ಬಂದಿ ಶೀರ್ಷಿಕೆ ಖಾಲಿ. ಅವಳ ಮೊತ್ತದ ಬಹುಪಾಲನ್ನು ಕಂಟಿಂಜೆನ್ಸಿಗೆ ಸುರಿದು, ಎದುರಿಗೆ ಒಂದೇ ಸಾಲಿನ ಸಮರ್ಥನೆ: ಸಂದರ್ಶನ, ಬರಹ, ಜೆರಾಕ್ಸ್, ವಗೈರೆ. ಇಂಗ್ಲಿಷಿನಲ್ಲಿ ಅದು ಮೂರು ಅಕ್ಷರ ಮತ್ತೊಂದು ಚುಕ್ಕೆ. ಕಚೇರಿಯ ಬಾಯಲ್ಲಿ ಅದು ಯಾವಾಗಲೂ ವಗೈರೆ.

"ಎಂತದ್ದು ಸರ್ ಇದು?" ಎಂದು ಕೇಳಿದೆ.

"ಎಂತ ಮಾರಾಯ್ರೆ, ಟೋಟಲ್ ನೋಡಿ. ನಿಮ್ಮ ಟೋಟಲ್ಲೇ ಉಂಟಲ್ಲ. ಮತ್ತೆಂತ ಬೇಜಾರು?"

"ಅವಳ ಹುದ್ದೆ ಎಲ್ಲಿ?"

"ಸಿಬ್ಬಂದಿ ಅಂತ ಹಾಕಿದ್ರೆ ಆರ್ಡರ್ ಕೊಡ್ಬೇಕು, ಹಾಜರಿ ಇಡ್ಬೇಕು. ಆ ಪಂಚಾಯ್ತಿ ಎಲ್ಲ ಯಾಕೆ? ವಗೈರೆ ಅಂತ ಇದ್ರೆ ನಾಳೆ ಯಾವುದಕ್ಕೂ ಆಗ್ತದೆ. ಅನುಭವದ ಮಾತು ಇದು, ಮೇಡಂ. ನೀವು ಪುಸ್ತಕ ಓದಿ ಬರೀತೀರಿ."

ಯಾವುದಕ್ಕೂ ಆಗುವ ಸಾಲು ಎಂದರೆ ಯಾವ ಕೆಲಸಕ್ಕೂ ಕಟ್ಟದ ಸಾಲು. ಓದಿ ಪರಿಶೀಲಿಸುವವರು ಮೊದಲು ಕತ್ತರಿ ಹಾಕುವುದೇ ಅದಕ್ಕೆ. ಇದನ್ನು ನಾನು ಅವರಿಗೆ ನಿಂತು ಹೇಳಿದೆ, ಕೂತು ಹೇಳಿದೆ, ಬರೆದೂ ಕೊಟ್ಟೆ. ತಿದ್ದುಪಡಿಯ ಅವಧಿ ಮುಗಿಯಿತು ಎಂದರು. ಪ್ರಾಚಾರ್ಯರ ಬಳಿ ಹೋದೆ. "ಛೋಡಿಯೇ ನಾ ಮ್ಯಾಡಮ್, ಹೋ ಜಾಯೇಗಾ," ಬಿಟ್ಟುಬಿಡಿ, ಎಲ್ಲ ಆಗುತ್ತದೆ ಎಂದು ಚಹಾ ತರಿಸಿದರು. ನಮ್ಮಲ್ಲಿ ಯಾವ ಅನ್ಯಾಯವೂ ಚಹಾ ಇಲ್ಲದೆ ನಡೆಯುವುದಿಲ್ಲ.

ಪ್ರತಿಯನ್ನು ಮನೆಯಲ್ಲಿ ಮತ್ತೊಮ್ಮೆ ಓದಿದಾಗ ಇನ್ನೊಂದು ಕಂಡಿತು. ಉಪಕರಣದ ಶೀರ್ಷಿಕೆಯಲ್ಲಿ ಅವಳ ಮೊತ್ತದ ಉಳಿದ ಪಾಲಿನಲ್ಲಿ ನಾನು ಕೇಳದ ಒಂದು ಪ್ರಿಂಟರ್ ಇತ್ತು. ಕಚೇರಿಯ ಹಳೆಯದು ಕಾಗದ ನುಂಗುತ್ತದೆಂದು ಎಲ್ಲರಿಗೂ ಗೊತ್ತು. ಅದರ ಎದುರಿನ ಸಮರ್ಥನೆ ಬಹಳ ಚೆನ್ನಾಗಿತ್ತು. ಇದು ಚಟುವಟಿಕೆ ಎರಡಕ್ಕೆ ಅತ್ಯಗತ್ಯ. ಇದಿಲ್ಲದಿದ್ದರೆ ಕಾರ್ಮಿಕ ಮಹಿಳೆಯರ ಸಂದರ್ಶನ ಅವರ ಭಾಷೆಯಲ್ಲಿ ನಡೆಯಲಾರದು. ಚೆನ್ನಾಗಿರದೆ ಏನು? ಅದು ನಾನು ಸಂದರ್ಶಕಿಗಾಗಿ ಬರೆದ ವಾಕ್ಯ. ಕರ್ತೃವನ್ನು ಕಿತ್ತು ಅಲ್ಲಿ ಯಂತ್ರವನ್ನು ಕೂರಿಸಿದ್ದರು.

ಮಂಜೂರಾತಿ ಬಂತು. ಕಾಲೇಜಿನ ಫಲಕದ ಮೇಲೆ ಅಭಿನಂದನೆ ಅಂಟಿಸಿದರು. ನನಗೆ ಹೂಗುಚ್ಛ ಕೊಟ್ಟರು. ಪತ್ರದ ಎರಡನೆಯ ಪುಟವನ್ನು ಓದಿದವಳು ನಾನೊಬ್ಬಳೇ. ಕಂಟಿಂಜೆನ್ಸಿಯನ್ನು ನಿಯಮದ ಮಿತಿಗೆ ಇಳಿಸಲಾಗಿದೆ, ಉಳಿದ ಮೊತ್ತವನ್ನು ಯಾವುದೇ ಚಟುವಟಿಕೆಗೆ ಸಂಬಂಧಿಸದ ಕಾರಣ ಕೈಬಿಡಲಾಗಿದೆ. ಪ್ರಿಂಟರ್, ಕೇಳಿದಷ್ಟೇ ಮಂಜೂರು, ಸಮರ್ಥನೆ ತೃಪ್ತಿಕರ.

ಅವಳಿಗೆ ಫೋನಿನಲ್ಲಿ ಹೇಳುವ ಧೈರ್ಯ ಸಾಲದೆ ಲೋಕಲ್ ರೈಲು ಹತ್ತಿ ಠಾಣೆ ಸ್ಟೇಷನ್ನಿನಲ್ಲಿ ಬದಲಿಸಿ ವಿಠ್ಠಲವಾಡಿಗೆ ಹೋದೆ. ಅವಳು ಚಪಾತಿ ಲಟ್ಟಿಸುತ್ತಿದ್ದಳು. ಕೇಳಿ ಮುಗಿಸಿ, ಹಿಟ್ಟಿನ ಕೈಯಲ್ಲೇ ಹಣೆ ಒರೆಸಿಕೊಂಡಳು.

"ಅಂದ್ರ ನನ್ನ ಕೆಲಸಕ್ಕ ಹೆಸರ ಇರಲಿಲ್ಲೇನ್ರಿ, ಅಕ್ಕಾರ?"

"ನಾನು ಬರೆದಿದ್ದೆ. ಕಚೇರಿಯವರು ತೆಗೆದರು."

"ಪ್ರಿಂಟರ್ ಮಂಜೂರಾತಂದ್ರಿ." ಲಟ್ಟಣಿಗೆ ಮತ್ತೆ ಕೈಗೆತ್ತಿಕೊಂಡು ಕೇಳಿದಳು: "ಅದಕ್ಕ ವಿಜಾಪುರದ ಮಾತ ಬರ್ತೈತೇನ?"

ನನಗೆ ನಗು ಬಂತು, ಅವಳು ನಗಲಿಲ್ಲ. ಮಸಾಲೆಯವರು ಇನ್ನೊಬ್ಬಳನ್ನು ಹುಡುಕುತ್ತಿದ್ದಾರೆ, ಈ ತಿಂಗಳು ಮುಗಿಯುವುದರೊಳಗೆ ತಿರುಗಿ ಬರುತ್ತೀಯೋ ಇಲ್ಲವೋ ಹೇಳು ಎಂದಿದ್ದಾರೆ ಎಂದಳು. ನನ್ನ ಮಾತು ನಂಬಿ, ಕಾಗದ ಕೈಗೆ ಬರುವ ಮೊದಲೇ ಅಲ್ಲಿ ರಾಜೀನಾಮೆ ಕೊಟ್ಟಿದ್ದಳು. ತಿಂಗಳ ಕೊನೆಯವರೆಗೆ ತಡೆಯಲು ಕೇಳಿಕೊಂಡೆ. "ತಡಿತೀನಿ. ಆಮ್ಯಾಗ ನನ್ನ ಹಿಡೀಬ್ಯಾಡ್ರಿ," ಎಂದಳು.

ದಾರಿ ಇಲ್ಲದಿರಲಿಲ್ಲ, ಅದೇ ನನ್ನನ್ನು ಹೆಚ್ಚು ರೇಗಿಸುವುದು. ಮಂಜೂರಾದ ಹಣವನ್ನು ಒಂದು ಶೀರ್ಷಿಕೆಯಿಂದ ಇನ್ನೊಂದಕ್ಕೆ ಒಯ್ಯಲು ನೆರವು ಕೊಡುವವರ ಮುಂಚಿತ ಒಪ್ಪಿಗೆ ಬೇಕು. ಖರೀದಿಗೆ ಮೊದಲು, ಸಂಸ್ಥೆಯ ಮುಖ್ಯಸ್ಥರ ಸಹಿಯೊಂದಿಗೆ, ಚಟುವಟಿಕೆಯ ಕಾರಣ ಕೊಟ್ಟು ಕೇಳಬೇಕು. ಕರಡು ಬರೆದೆ. ಪ್ರಿಂಟರ್ ಬೇಡ, ಆ ಮೊತ್ತ ಸಿಬ್ಬಂದಿಗೆ ಹೋಗಲಿ. ಅಷ್ಟು ಹಣದಲ್ಲಿ ಪೂರ್ಣ ಕಾಲಕ್ಕಲ್ಲದಿದ್ದರೂ ಸಂದರ್ಶನದ ದಿನಗಳಿಗೆ ಅವಳು ಸಿಗುತ್ತಾಳೆ. ಅಧೀಕ್ಷಕರು ಕರಡನ್ನು ಎರಡು ಬಾರಿ ಓದಿದರು.

"ಪ್ರಿಂಟರ್ ಬೇಡ ಅಂತ ಬರೆದ್ರೆ ಮೊದ್ಲು ಯಾಕೆ ಕೇಳಿದ್ದು ಅಂತ ಕೇಳ್ತಾರೆ ಅಲ್ವಾ?"

"ಕೇಳಲಿ ಸರ್. ನಿಜವನ್ನೇ ಹೇಳೋಣ."

"ಅದೇ ಕಷ್ಟ ಆಗೂದು," ಎಂದು ನಕ್ಕರು. ಆ ಕಾಗದ ಪ್ರಾಚಾರ್ಯರ ಮೇಜಿನ ಮೇಲೆ ಇದೆ. ಪ್ರಿಂಟರಿನ ಕೊಟೇಶನ್‌ಗಳು ಅದರ ಮೇಲೆ ಇವೆ.

ಈ ಬಗ್ಗೆ ಮಾತಾಡಿದರೆ ಸಹೋದ್ಯೋಗಿಗಳು ಎಲ್ಲ ಕಡೆ ಹೀಗೇ ಎನ್ನುತ್ತಾರೆ. ಎಲ್ಲ ಕಡೆ ಹೀಗೇ ಎಂಬುದು ದೂರಿಗೆ ಸಾಕ್ಷಿ, ಉತ್ತರವಲ್ಲ. ವಗೈರೆ ಎಂದು ಬರೆಯುವವರಿಗೆ ಅದು ನಮ್ಯತೆ. ಆ ಪದದೊಳಗೆ ಬಿದ್ದವರಿಗೆ ನೇಮಕಪತ್ರವಿಲ್ಲ, ಹಾಜರಿಯಿಲ್ಲ, ಕತ್ತರಿ ಬಿದ್ದಾಗ ಕೂಗಲು ಒಂದು ಹೆಸರೂ ಇಲ್ಲ. ಅವಳಿಲ್ಲದಿದ್ದರೆ ಕಳಂಬೋಲಿಯ ಹೆಂಗಸರ ಅಂಗೈಗಳು ಹಿಂದಿಯ ಪ್ರಶ್ನೆಗೆ ಮತ್ತೊಮ್ಮೆ ಇಲ್ಲ ಎನ್ನುತ್ತವೆ, ಆ ಇಲ್ಲ ನಮ್ಮ ಹೊಸ ಪ್ರಿಂಟರಿನಲ್ಲಿ ಬಹಳ ಸ್ವಚ್ಛವಾಗಿ ಮುದ್ರಣವಾಗುತ್ತದೆ.

ಆದ್ದರಿಂದ ಪ್ರಾಚಾರ್ಯರೇ, ಅಧೀಕ್ಷಕರೇ, ಚಹಾ ಬೇಡ. ಆ ಕೊಟೇಶನ್‌ಗಳನ್ನು ಎತ್ತಿ ಪಕ್ಕಕ್ಕಿಡಿ. ಕೆಳಗಿರುವ ಮರುಹಂಚಿಕೆ ಪತ್ರಕ್ಕೆ ಈ ತಿಂಗಳು ಮುಗಿಯುವ ಮೊದಲು ಸಹಿ ಹಾಕಿ ಕಳುಹಿಸಿ. ಒಪ್ಪಿಗೆ ಬಂದ ದಿನವೇ ಕ್ಷೇತ್ರ ಸಂದರ್ಶಕಿ ಎಂಬ ಹುದ್ದೆಯ ಹೆಸರು ಬರೆದು, ಚಟುವಟಿಕೆ ಎರಡು ಎಂದು ನಮೂದಿಸಿ, ಅವಳ ಹೆಸರಿಗೆ ನೇಮಕಪತ್ರ ಕೊಡಿ. ಮತ್ತು ಅವಳು ಪರೀಕ್ಷಾರ್ಥವಾಗಿ ಮಾಡಿಕೊಟ್ಟ ಸಂದರ್ಶನಗಳ ಕೂಲಿಯನ್ನು ಕಾಲೇಜಿನ ಸ್ವಂತ ನಿಧಿಯಿಂದ ಕೊಡಿ. ರಸೀದಿಯಲ್ಲಿ ಸಂದರ್ಶನ ಎಂದೇ ಬರೆಯಿರಿ.