ಇಸ್ತ್ರಿ ಅಕ್ಕ ತುಂಬಿದ ಖಾಲಿ ಜಾಗ

ನಮ್ಮ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದವಳನ್ನು ನಾವೆಲ್ಲ ಇಸ್ತ್ರಿ ಅಕ್ಕ ಎನ್ನುತ್ತಿದ್ದೆವು. ಆಕೆ ಮಡಚಿಟ್ಟ ಹಾಸುಬಟ್ಟೆಯ ಮೇಲೆ ಮಲಗಲು ರೋಗಿಗಳೇ ಸಂಕೋಚಪಡುತ್ತಿದ್ದರು. ಬಾಯಿ ಮಾತ್ರ ಇಸ್ತ್ರಿ ಕಾಣದ್ದು. ದೊಡ್ಡ ಡಾಕ್ಟರಿಗೂ, "ಕೋಟಿನ ಜೇಬಲ್ಲಿ ಪೆನ್ನು ಬಿಟ್ಟು ಕಳಿಸಿದ್ರೆ ಕೋಟೂ ನಿಮ್ದೇ, ಕಲೆನೂ ನಿಮ್ದೇ" ಎಂದವಳು.

ಆಕೆಯ ಮನೆ ನನ್ನ ಮನೆಯ ಪಕ್ಕದ್ದೇ. ಗಂಡ ಸತ್ತಿದ್ದ. ಒಬ್ಬನೇ ಮಗ ಯಾವುದೋ ಜಗಳದಲ್ಲಿ ಮನೆ ಬಿಟ್ಟು ಹೋದವನು ವರ್ಷಗಳಾದರೂ ಪತ್ತೆಯಿಲ್ಲ. ಉಳಿದವಳು ಕಣ್ಣು ಮಂಜಾದ ಅತ್ತೆ. ಮೊಮ್ಮಗ ಬಂದಾಗ ತೆಗೆಯಲು ತಡವಾಗಬಾರದೆಂದು ಮುದುಕಿ ಬಾಗಿಲಿಗೆ ಅಗುಳಿ ಹಾಕಲು ಬಿಡುತ್ತಿರಲಿಲ್ಲ. ಸೊಸೆ ಕೆಲಸದಿಂದ ಬಂದ ಕೂಡಲೇ, "ಬರ್ತಾನಲ್ವೇನೇ?" ಎಂದು ಕೇಳುವಳು. "ಬಂದೇ ಬರ್ತಾನೆ ಅತ್ತೆ" ಎಂದು ಈಕೆ ಚಪ್ಪಲಿ ಬಿಡುವಳು. ಗೋಡೆಯಾಚೆ ನನಗೂ ಕೇಳಿಸುತ್ತಿತ್ತು.

ಅಷ್ಟರಲ್ಲಿ ಆಸ್ಪತ್ರೆಯವರು ಬಟ್ಟೆ ಕೆಲಸವನ್ನು ಹೊರಗಿನವರಿಗೆ ಕೊಟ್ಟರು. ಕೋಣೆಗೆ ಬೀಗ ಬೀಳುವುದರೊಳಗೆ ಇಂಗ್ಲಿಷ್ ಪರೀಕ್ಷೆ ಪಾಸಾದವರಿಗೆ ವಿಚಾರಣೆ ಕಿಟಕಿಯಲ್ಲಿ ಕೆಲಸ, ಫೇಲಾದವರು ಮನೆಗೆ. ವಾರ್ಡಿನ ಆಯಾ ಆಗಿದ್ದ ನನಗೆ ಆ ಭಯವಿರಲಿಲ್ಲ, ಆದರೂ ಅಕ್ಕನಿಗೆ ಜೊತೆಯಾಗಲಿ ಎಂದು ಆಸ್ಪತ್ರೆಯವರು ಇಟ್ಟ ಇಂಗ್ಲಿಷ್ ತರಗತಿಗೆ ಸೇರಿದೆ.

ಮೇಷ್ಟ್ರು ಒಂದು ವಿಚಿತ್ರ ಪ್ರಾಣಿ. ಕಲಿಯುವವರ ಬದುಕಿನಿಂದಲೇ ವಾಕ್ಯ ಮಾಡಿ ಬೋರ್ಡಿಗೆ ಹಾಕುತ್ತಿದ್ದರು. "ಸ್ವಂತದ್ದಾದ್ರೆ ಮರೆಯಲ್ಲ" ಎನ್ನುವುದು ಅವರ ಸಮರ್ಥನೆ. ಡ್ರೈವರನ ಹೆಂಡತಿ ತವರಿಗೆ ಹೋದದ್ದು ಬೋರ್ಡಿಗೆ ಬಂತು. ನನ್ನ ತೂಕವೂ ಬಂತು. ನಾವು ನಗಬೇಕಿತ್ತು, ನಕ್ಕೆವು.

ಅಕ್ಕ ಆ ವಾಕ್ಯಗಳ ಎಲ್ಲ ಖಾಲಿ ಜಾಗಕ್ಕೂ ಮಸ್ಟ್ ಎಂದೇ ತುಂಬುತ್ತಿದ್ದಳು. ಮೇಷ್ಟ್ರು ಆಕೆಯನ್ನು ನಿಲ್ಲಿಸಿ ಹಂಗಿಸಿದರು. "ಸುಸ್ತಾದ ಗೆಳತಿಗೆ ರೆಸ್ಟ್ ತಗೋ ಅನ್ನೋದು ಸಲಹೆ ಕಣಮ್ಮಾ, ಅಲ್ಲಿ ಶುಡ್ ಸಾಕು. ವಾರ್ಡಿನೊಳಗೆ ಮಾಸ್ಕ್ ಹಾಕ್ಬೇಕು ಅನ್ನೋದು ಆಸ್ಪತ್ರೆ ನಿಯಮ, ನಿನ್ನ ಆಜ್ಞೆ ಅಲ್ಲ. ಅಲ್ಲಿ ಹ್ಯಾವ್ ಟು ಚೆನ್ನಾಗಿ ಹೊಂದುತ್ತೆ. ನಿಂಗೆ ಎಲ್ಲಾದ್ಕೂ ಒಂದೇ ಬೇಕು!"

"ಸಲಹೆ ಅಂದ್ರೇನು ಅಂತ ನಂಗೆಲ್ಲಿ ಗೊತ್ತಾಗ್ಬೇಕು ಸಾರ್? ಇಷ್ಟು ವರ್ಷದಲ್ಲಿ ನಂಗೆ ಯಾರೂ ಕೊಟ್ಟಿಲ್ಲ. ಎಲ್ಲಾ ಆರ್ಡರೇ."

ತರಗತಿ ಗೊಳ್ಳೆಂದಿತು. ಆದರೆ ಆಕೆ ಛಲಗಾತಿ. ಇಸ್ತ್ರಿ ಮೇಜಿನ ಮುಂದೆ ನಿಂತೇ ಕಲಿತಳು. ಡಾಕ್ಟರ ಕೋಣೆಯ ದೀಪ ಉರಿಯುತ್ತಿದೆ, ಒಳಗೆ ಕೆಮ್ಮು ಕೇಳುತ್ತಿದೆ, ಒಳಗೆ ಇರಲೇಬೇಕು, ಹಾಗಾದರೆ ಡಾಕ್ಟರ್ ಮಸ್ಟ್ ಬಿ ಇನ್‌ಸೈಡ್. ದೀಪವಿಲ್ಲ, ಸದ್ದಿಲ್ಲ, ಇದ್ದರೂ ಇದ್ದಾರು, ಹಾಗಾದರೆ ಮೈಟ್. "ಗುರುತು ಸಿಕ್ಕಿದ್ರೆ ಮಸ್ಟು, ಸಿಗದಿದ್ರೆ ಮೈಟು, ಅಲ್ವೇನೇ?" ಎಂದು ನನ್ನನ್ನೇ ಪರೀಕ್ಷೆ ಮಾಡುವಳು. ನನಗೆ ಹೆಮ್ಮೆಯಾಗುತ್ತಿತ್ತು.

ಪರೀಕ್ಷೆಯ ದಿನ ಒಬ್ಬೊಬ್ಬರನ್ನೇ ಬೋರ್ಡಿಗೆ ಕರೆದರು. ಅಕ್ಕನ ಸರದಿ ಬಂದಾಗ ಮೇಷ್ಟ್ರು ಇಂಗ್ಲಿಷಿನಲ್ಲಿ ಬರೆದು, ಕನ್ನಡದಲ್ಲಿ ನಿಧಾನವಾಗಿ ಓದಿದರು. ಒಬ್ಬ ಹೆಂಗಸಿನ ಮಗ ಮನೆ ಬಿಟ್ಟು ಹೋಗಿದ್ದಾನೆ. ಅವನನ್ನು ಯಾರೂ ನೋಡಿಲ್ಲ, ಸುದ್ದಿಯೂ ಇಲ್ಲ. ಕೊನೆಯದನ್ನು ಮಾತ್ರ ಇಂಗ್ಲಿಷಿನಲ್ಲೇ ಓದಿದರು: ಹಿ ಡ್ಯಾಶ್ ಬಿ ಅಲೈವ್, ಅವನು ಬದುಕಿರಲೇಬೇಕೋ, ಬದುಕಿರಬಹುದೋ.

ಮೊದಲ ದಿನ ಪರಿಚಯ ಹೇಳುವಾಗ ಅಕ್ಕನೇ ಮಗನ ವಿಷಯ ಬಾಯಿಬಿಟ್ಟಿದ್ದಳು. ಆ ಮನುಷ್ಯ ಅದನ್ನು ಇಷ್ಟು ದಿನ ಜೋಪಾನ ಮಾಡಿಟ್ಟಿದ್ದ.

ಅಕ್ಕನ ಕೈಯಲ್ಲಿ ಸೀಮೆಸುಣ್ಣ ಮುರಿಯಿತು. ಉಳಿದ ತುಂಡಿನಲ್ಲಿ ಮೈಟ್ ಎಂದು ಬರೆದಳು.

"ಮಸ್ಟ್ ಯಾಕಲ್ಲ? ಕಾರಣ ಹೇಳಿದ್ರೇ ಮಾರ್ಕು."

"ಮಸ್ಟ್ ಅನ್ನೋಕೆ ಗುರುತು ಬೇಕು ಸಾರ್." ಆಕೆ ಬೋರ್ಡಿಗೇ ಮುಖ ಮಾಡಿದ್ದಳು. "ನನ್ ಹತ್ರ ಒಂದೂ ಇಲ್ಲ."

"ಭೇಷ್! ನೋಡ್ರಪ್ಪಾ, ಸ್ವಂತದ್ದಾದ್ರೆ ಹೇಗೆ ಬರುತ್ತೆ!" ಮೇಷ್ಟ್ರು ಚಪ್ಪಾಳೆ ತಟ್ಟಿಸಿದರು. ಅಕ್ಕ ಪಾಸಾದಳು, ಎಲ್ಲರಿಗಿಂತ ಮೇಲೆ.

ದಾರಿಯುದ್ದಕ್ಕೂ ಕಿಟಕಿಯ ಕುರ್ಚಿ ಮೆತ್ತಗಿದೆಯಂತೆ, ಫ್ಯಾನಿದೆಯಂತೆ ಎಂದು ಒಂದೇ ಸಮನೆ ಮಾತಾಡಿದಳು. ನಾನು ಹೂಂಗುಟ್ಟಿದೆ. ಆಕೆಯ ಬಾಗಿಲು ಎಂದಿನಂತೆ ತೆರೆದೇ ಇತ್ತು. ನಾನು ಹೊಸ್ತಿಲಾಚೆ ನಿಂತೆ.

"ಕೆಲಸ ಸಿಕ್ತು ಅತ್ತೆ."

"ಒಳ್ಳೇದಾಯ್ತು ಬಿಡು." ಮುದುಕಿ ಸದ್ದು ಬಂದ ಕಡೆ ಮುಖ ತಿರುಗಿಸಿದಳು. "ಅವನು ಬರ್ತಾನಲ್ವೇನೇ?"

ಅಕ್ಕ ಚಪ್ಪಲಿ ಬಿಡುತ್ತಿದ್ದಳು. "ಬರಬಹುದು ಅತ್ತೆ."

ಮಾತು ಬಾಯಿಂದ ಜಾರಿದ ಮೇಲೆ ಆಕೆಗೆ ತಿಳಿಯಿತು. "ಅಲ್ಲ ಅತ್ತೆ, ಬಂದೇ ಬರ್ತಾನೆ ಅಂದೆ" ಎಂದು ಮುದುಕಿಯ ಕೈ ಹಿಡಿದುಕೊಂಡಳು.

ಮುದುಕಿ ಕೈ ಬಿಡಿಸಿಕೊಂಡು, ಗೋಡೆ ತಡವುತ್ತಾ ಬಂದು, ನನ್ನ ಮುಖದ ಮುಂದೆಯೇ ಬಾಗಿಲು ಮುಚ್ಚಿ ಅಗುಳಿ ಹಾಕಿದಳು.