ಘಾಟ್ಕೋಪರ್‌ನಲ್ಲಿ ಏಳಬೇಕಾದವನು

ಮುಲುಂಡ್‌ನಲ್ಲಿ ಮುಂಬೈ ಲೋಕಲ್ ರೈಲು ಹತ್ತಿದಾಗ ನಾನು, ನನ್ನ ಗೆಳೆಯ ಇಬ್ಬರಲ್ಲಿ ಯಾರಿಗೆ ಸೀಟು ಸಿಕ್ಕರೂ ಘಾಟ್ಕೋಪರ್‌ನಲ್ಲಿ ಎದ್ದು ಇನ್ನೊಬ್ಬನಿಗೆ ಬಿಡುವುದು ಆರು ವರ್ಷದ ರೂಢಿ. ಆ ದಿನ ಕೂತಿದ್ದವನು ನಾನು. ಘಾಟ್ಕೋಪರ್ ಬಂದಾಗ ನಿದ್ದೆ ಬಂದವನಂತೆ ನಟಿಸಿದೆ. ಪಕ್ಕದವರು ಎಬ್ಬಿಸಹೋದರೆ ಗೆಳೆಯನೇ, "ಸೋನೇ ದೋ ಉಸ್ಕೋ," ಮಲಗಲಿ ಬಿಡಿ ಎಂದು ತಡೆದ. ಕುರ್ಲಾ ಬರುವಷ್ಟರಲ್ಲಿ ಅವನು ನಿಂತಲ್ಲೇ ಕುಸಿದುಬಿದ್ದ. ಮೂವತ್ತೊಂದು ವರ್ಷದವನ ಹೃದಯ ನಿಂತುಹೋಗಿತ್ತು.

ಕೂತಿದ್ದರೂ ಅಷ್ಟೇ ಆಗುತ್ತಿತ್ತು ಎಂದರು ಡಾಕ್ಟರು. ಯಾರಿಗೆ ಬೇಕಿತ್ತು ಆ ಸಮಾಧಾನ? ಅಳು ಬರಲಿಲ್ಲ. ಮೂರನೆಯ ದಿನವೇ ಆಫೀಸಿಗೆ ಹೊರಟೆ; ಘಾಟ್ಕೋಪರ್ ಬಂದೊಡನೆ ಕಾಲುಗಳು ತಾವಾಗಿ ಎದ್ದು ನಿಂತವು.

ಹದಿಮೂರನೆಯ ದಿನ ಅವನ ತಾಯಿ ನನ್ನ ಕೈ ಹಿಡಿದುಕೊಂಡರು. "ನೀನಾದ್ರೂ ಜೊತೇಲಿದ್ಯಲ್ಲಪ್ಪ. ಕೊನೇಲಿ ಏನಾದ್ರೂ ಹೇಳಿದ್ನಾ?"

"ಗೊತ್ತಿಲ್ಲಮ್ಮ," ಎಂದೆ. "ನಂಗೆ ನಿದ್ದೆ ಬಂದಿತ್ತು."